ಹಿರಿಯರಿರುವ ಮನೆಯ ನೆಲಹಾಸು: ಮುಂಬೈಯಲ್ಲಿ ವಿಟ್ರಿಫೈಡ್ ಟೈಲ್ ಮತ್ತು ನೈಸರ್ಗಿಕ ಕಲ್ಲು

ಮುಂಬೈ ಮತ್ತು ಅದರ ಉಪನಗರಗಳಲ್ಲಿ ಹೊಸ ಮನೆಯ ನೆಲಕ್ಕೆ ಇಂದು ಹಾಸುವುದು ಹೆಚ್ಚಾಗಿ ಎರಡು ಬಗೆಯ ವಸ್ತು. ಒಂದು, ಜೇಡಿ, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಯನ್ನು ಒತ್ತಿ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ವಿಟ್ರಿಫೈಡ್ ಟೈಲ್. ಇನ್ನೊಂದು, ಗಣಿಯಿಂದ ಹಲಗೆಯಾಗಿ ಬರುವ ಕಲ್ಲು: ಕೋಟಾ, ಶಹಾಬಾದ್, ಕಡಪ್ಪಾ, ಗ್ರಾನೈಟ್, ಅಮೃತಶಿಲೆ. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಇವೆರಡರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕಾಲು ಜಾರುವುದು ಕಲ್ಲು, ಟೈಲ್ ಎಂಬ ಜಾತಿಗಿಂತ ಅದರ ಮೇಲ್ಮೈಗೆ ಕೊಟ್ಟ ಪಾಲಿಶ್ ಮತ್ತು ಅದರ ಮೇಲೆ ನಿಂತ ನೀರನ್ನು ಹೆಚ್ಚು ಅವಲಂಬಿಸಿದೆ. ಕನ್ನಡಿಯಂತೆ ಉಜ್ಜಿದ ಕೋಟಾ ಕನ್ನಡಿಯಂತಹ ಟೈಲಿನಷ್ಟೇ ಅಪಾಯಕಾರಿ. ಆದರೆ ಭಾರ, ನಿರ್ವಹಣೆ, ದುರಸ್ತಿಯ ವಿಷಯಕ್ಕೆ ಬಂದರೆ ಇವೆರಡರ ದಾರಿ ಪೂರ್ತಿ ಬೇರೆ. ಮುಂಬೈಯ ಫ್ಲ್ಯಾಟಿನಲ್ಲಿ ತೀರ್ಮಾನವಾಗುವುದು ಬಹುಮಟ್ಟಿಗೆ ಅಲ್ಲಿಯೇ.

ಹಿನ್ನೆಲೆ

ಮುಂಬೈಯ ನೆಲಕ್ಕೂ ಕನ್ನಡನಾಡಿಗೂ ಹಳೆಯ ನಂಟಿದೆ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ಸುಣ್ಣಕಲ್ಲು ಪದರ ಪದರವಾಗಿ ಸಿಗುತ್ತದೆ. ಹೆಚ್ಚು ಗರಗಸದ ಕೆಲಸವಿಲ್ಲದೆ ಹಲಗೆಯಾಗಿ ಏಳುವುದೇ ಅದರ ಗುಣ. ಬೊಂಬಾಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. ಶಹಾಬಾದ್ ಆ ಮಾರ್ಗದಲ್ಲಿಯೇ ಇರುವ ನಿಲ್ದಾಣ. ಉತ್ತರ ಕರ್ನಾಟಕದಲ್ಲಿ ಫರಸಿ ಎನ್ನುವ ಈ ಕಲ್ಲನ್ನು ಮರಾಠಿಯಲ್ಲಿ ಇಂದಿಗೂ ‘ಶಹಾಬಾದಿ ಫರಶಿ’ ಎಂದೇ ಕರೆಯುತ್ತಾರೆ. ಚಾಳುಗಳ ಓಣಿ, ಅಂಗಳ, ಮೋರಿ, ಮೆಟ್ಟಿಲುಗಳಲ್ಲಿ ಅದು ಕಾಣುತ್ತಿತ್ತು. ಮುಂದೆ ರಾಜಸ್ಥಾನದ ರಾಮಗಂಜ್ ಮಂಡಿ ಮತ್ತು ಝಾಲಾವಾಡ ಕಡೆಯ ಕೋಟಾ ಕಲ್ಲು ಆ ಜಾಗವನ್ನು ಹಿಡಿಯಿತು. ಅದೂ ಸುಣ್ಣಕಲ್ಲೇ, ಆದರೆ ಹೆಚ್ಚು ಬಿಗಿ, ಹಸಿರು-ನೀಲಿ ಛಾಯೆಯದು. ಮಧ್ಯಮವರ್ಗದ ಕಟ್ಟಡಗಳಲ್ಲಿ ಕೋಣೆಗಳ ಒಳಗೆ ಸಿಮೆಂಟಿನ ಮೊಸಾಯಿಕ್ ಬಿಲ್ಲೆ ಬಂತು. 1922ರಲ್ಲಿ ಮುಂಬೈಯಲ್ಲಿ ಆರಂಭವಾದ ಭಾರತ್ ಟೈಲ್ಸ್ ಸಿಮೆಂಟ್ ಬಿಲ್ಲೆಗಳಿಗೆ ಹೆಸರಾಗಿತ್ತು.

ವಿಟ್ರಿಫೈಡ್ ಟೈಲ್ ಭಾರತದ ಮನೆಗಳಿಗೆ ಬಂದದ್ದು 1990ರ ದಶಕದಿಂದೀಚೆಗೆ. ಹುಬ್ಬಳ್ಳಿಯ ಮುರುಡೇಶ್ವರ ಸಿರಾಮಿಕ್ಸ್ ಇದನ್ನು ತಯಾರಿಸಿದ ಮೊದಲಿಗರ ಸಾಲಿನಲ್ಲಿತ್ತು. ಇಂದು ಗುಜರಾತಿನ ಮೋರ್ಬಿ ದೇಶದ ಟೈಲ್ ಉದ್ಯಮದ ಕೇಂದ್ರ. ಮುಂಬೈಗೆ ಅಲ್ಲಿಂದ ಸಾಗಣೆ ಸುಲಭವಾದ್ದರಿಂದ ಬಿಲ್ಡರುಗಳು ಬೇರೆ ವಸ್ತುವಿನ ಯೋಚನೆ ಮಾಡುವುದೇ ಕಡಿಮೆ.

ಹಿರಿಯರ ಪ್ರಶ್ನೆ ಇಷ್ಟು ತೀವ್ರವಾಗಲು ಕಾರಣ ಪುನರಾಭಿವೃದ್ಧಿ. ಹಳೆಯ ಸೆಸ್ ಕಟ್ಟಡಗಳು, ಚೆಂಬೂರಿನ ತಿಲಕನಗರ, ಘಾಟ್ಕೋಪರದ ಪಂತನಗರ, ವಿಕ್ರೋಲಿಯ ಕನ್ನಮ್‌ವಾರ್ ನಗರದಂತಹ ಮ್ಹಾಡಾ ವಸಾಹತುಗಳು ಒಂದೊಂದಾಗಿ ನೆಲಕ್ಕುರುಳಿ ಗೋಪುರಗಳಾಗುತ್ತಿವೆ. ಮಾಟುಂಗಾ, ಮುಲುಂಡ್, ಡೊಂಬಿವಲಿಗಳ ಕನ್ನಡ ಕುಟುಂಬಗಳಲ್ಲಿಯೂ ಇಂತಹ ಮನೆ ಬದಲಾವಣೆ ಸಾಮಾನ್ಯವಾಗಿದೆ. ನಾಲ್ಕು ದಶಕ ಸವೆದ ಮೊಸಾಯಿಕ್ ಮೇಲೆ ನಡೆದು ರೂಢಿಯಾದ ಕಾಲು ಎರಡು-ಮೂರು ವರ್ಷ ಬಾಡಿಗೆ ಮನೆಯಲ್ಲಿ ಕಳೆದು, ಒಮ್ಮೆಗೇ ಮಿರುಗುವ ದೊಡ್ಡ ಟೈಲಿನ ಮೇಲೆ ಇಳಿಯುತ್ತದೆ. ಅಷ್ಟರಲ್ಲಿ ಆ ಕಾಲಿಗೂ ಕಣ್ಣಿಗೂ ಅಷ್ಟೇ ವಯಸ್ಸಾಗಿರುತ್ತದೆ. ಹಳೆಯ ಮನೆಯಲ್ಲಿ ಗೋಡೆ ಹಿಡಿದು ಕತ್ತಲಲ್ಲೂ ಮೋರಿಗೆ ಹೋಗಿ ಬರುತ್ತಿದ್ದವರಿಗೆ ಹೊಸ ಮನೆಯ ಪ್ರತಿ ತಿರುವೂ ಹೊಸದು.

ಕಾಲು ಜಾರುವುದೇಕೆ

ಒಣಗಿದ ಪಾಲಿಶ್ ಟೈಲಿನ ಮೇಲೆ ಬರಿಗಾಲು ಜಾರುವುದಿಲ್ಲ, ಬದಲಿಗೆ ಅಂಟಿದಂತೆ ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಟೈಲಿನ ಮೇಲೆ ಕಾಲಿಟ್ಟು ನೋಡಿದವರು ಮೋಸಹೋಗುವುದು ಇದರಿಂದ. ಅಲ್ಲಿ ನೆಲ ಒಣಗಿರುತ್ತದೆ, ಕಾಲಲ್ಲಿ ಚಪ್ಪಲಿಯೋ ಬೂಟೋ ಇರುತ್ತದೆ. ನೀರು ಬಿದ್ದಾಗ ಅಂಗಾಲಿಗೂ ನೆಲಕ್ಕೂ ನಡುವೆ ಒಂದು ತೆಳು ಪದರ ನಿಲ್ಲುತ್ತದೆ. ನೆಲದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿದ್ದರೆ ಅವು ಆ ಪದರವನ್ನು ಸೀಳಿ ಚರ್ಮವನ್ನು ಮುಟ್ಟುತ್ತವೆ. ಉಬ್ಬುಗಳಿಲ್ಲದಿದ್ದರೆ ಕಾಲು ನೀರಿನ ಮೇಲೆಯೇ ತೇಲುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷಾ ಇಲಾಖೆಯ ಮಾರ್ಗಸೂಚಿಯ ಪ್ರಕಾರ ಈ ಏರಿಳಿತ 10 ಮೈಕ್ರಾನಿಗಿಂತ ಕಡಿಮೆಯಿದ್ದರೆ ಒದ್ದೆ ನೆಲ ಜಾರುವ ಸಾಧ್ಯತೆ ಹೆಚ್ಚು, 20 ಮೈಕ್ರಾನ್ ದಾಟಿದರೆ ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಹಿರಿಯರ ಸುರಕ್ಷತೆ ನಿಂತಿರುವುದು ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗದಷ್ಟು ಒರಟಿನ ಮೇಲೆ.

ದ್ರವ ಮಂದವಾದಷ್ಟೂ ಹೆಚ್ಚು ಒರಟು ಬೇಕಾಗುತ್ತದೆ. ಸೋಪಿನ ನೀರಿಗೆ ಸಾಕಾದದ್ದು ತೆಂಗಿನೆಣ್ಣೆಗೆ ಸಾಲದು. ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋಗುವ ಮನೆಯಲ್ಲಿ ಬಚ್ಚಲ ಹೊರಗಿನ ಎರಡು ಹೆಜ್ಜೆಯ ಜಾಗ ಬಚ್ಚಲಿನಷ್ಟೇ ಮುಖ್ಯ. ಸ್ನಾನವಾದ ಮೇಲೆ ಉದುರುವ ಟಾಲ್ಕಂ ಪೌಡರ್ ಕೂಡ ಒಣನೆಲವನ್ನೇ ಜಾರಿಸುತ್ತದೆ.

ಬೆಳಕಿನದೂ ಒಂದು ಪಾತ್ರವಿದೆ. ಎತ್ತರದ ಗೋಪುರಗಳ ದೊಡ್ಡ ಕಿಟಕಿಯಿಂದ ಬರುವ ಬಿಸಿಲು ಪಾಲಿಶ್ ನೆಲದ ಮೇಲೆ ಹೊಳೆಯುತ್ತದೆ. ಕಣ್ಣಿನ ಪೊರೆ ಇರುವವರಿಗೆ ಆ ಹೊಳಪಿನಲ್ಲಿ ನೀರು ಬಿದ್ದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಇಡೀ ನೆಲವೇ ಒದ್ದೆಯಾದಂತೆ ಕಂಡರೆ ಹೆಜ್ಜೆ ಚಿಕ್ಕದಾಗುತ್ತದೆ, ಕಾಲು ಎಳೆದು ನಡೆಯುತ್ತಾರೆ, ಎಡವುತ್ತಾರೆ. ಬಿಳಿ ನೆಲದಲ್ಲಿ ದಪ್ಪ ಕಪ್ಪು ಗೆರೆ ಅಥವಾ ಪಟ್ಟಿಯಿದ್ದರೆ ಮರೆವಿನ ಕಾಯಿಲೆಯವರು ಅದನ್ನು ಹಳ್ಳವೋ ಮೆಟ್ಟಿಲೋ ಎಂದುಕೊಂಡು ದಾಟಲು ಹೋಗುತ್ತಾರೆ. ಅಮೃತಶಿಲೆಯ ಅಂಚಿಗೆ ಕಪ್ಪು ಗ್ರಾನೈಟ್ ಪಟ್ಟಿ ಹಾಕುವ ಮುಂಬೈಯ ರೂಢಿಯನ್ನು ಇಂತಹ ಮನೆಯಲ್ಲಿ ಕೈಬಿಡುವುದೇ ಸರಿ. ಬದಲಿಗೆ ನೆಲದ ಬಣ್ಣ ಗೋಡೆಗಿಂತ ಒಂದಿಷ್ಟು ಗಾಢವಾಗಿದ್ದರೆ ಕೋಣೆ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ತಿಳಿಯುತ್ತದೆ.

ಬಿದ್ದ ಮೇಲೆ ಕಲ್ಲಿಗೂ ಟೈಲಿಗೂ ವ್ಯತ್ಯಾಸವಿಲ್ಲ. ಎರಡೂ ಕಾಂಕ್ರೀಟಿನ ಮೇಲೆ ಕೂತ ಗಟ್ಟಿ ಪದರಗಳು, ಸೊಂಟದ ಮೂಳೆಯನ್ನು ಕಾಪಾಡುವ ಮೆತ್ತನೆಯ ಗುಣ ಯಾವುದಕ್ಕೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಬಿದ್ದು ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ಮಳೆಗಾಲದಲ್ಲಿ ನೆಲ ಬೆವರುವುದು

ಮುಂಬೈಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಗ ಯಾರೂ ನೀರು ಚೆಲ್ಲದೆಯೇ ನೆಲ ಒದ್ದೆಯಾಗುವುದುಂಟು. ಹೊರಗಿನ ಗಾಳಿ 29 ಡಿಗ್ರಿ, ತೇವಾಂಶ ಶೇಕಡಾ 85 ಎಂದಿಟ್ಟುಕೊಳ್ಳಿ. ಆ ಗಾಳಿಯಲ್ಲಿರುವ ನೀರಾವಿ ಸುಮಾರು 26 ಡಿಗ್ರಿಗಿಂತ ತಂಪಾದ ಯಾವ ಮೇಲ್ಮೈ ಸಿಕ್ಕಿದರೂ ಅದರ ಮೇಲೆ ಹನಿಗಟ್ಟುತ್ತದೆ. ರಾತ್ರಿಯಿಡೀ ಎ.ಸಿ. ಹಾಕಿ 23 ಡಿಗ್ರಿಗೆ ಇಳಿಸಿದ ಮಲಗುವ ಕೋಣೆಯ ನೆಲ ಬೆಳಗ್ಗೆ ಅಷ್ಟೇ ತಣ್ಣಗಿರುತ್ತದೆ. ಮನೆಯವರು ಎದ್ದೊಡನೆ ಕಿಟಕಿ ತೆರೆದರೆ ಕೆಲವೇ ನಿಮಿಷಗಳಲ್ಲಿ ನೆಲದ ಮೇಲೆ ತೇವದ ಪದರ ಕೂರುತ್ತದೆ. ಹಿರಿಯರು ಅದೇ ಹೊತ್ತಿಗೆ ಹಾಸಿಗೆಯಿಂದ ಇಳಿದು ಬಚ್ಚಲಿಗೆ ಹೊರಡುತ್ತಾರೆ.

ಈ ಬೆವರು ಕಲ್ಲಿಗೂ ಟೈಲಿಗೂ ಸಮಾನ. ಟೈಲ್ ಹನಿಯನ್ನು ಹೀರುವುದೇ ಇಲ್ಲ, ಪಾಲಿಶ್ ಮಾಡದ ಕಲ್ಲು ಕೊಂಚ ಹೀರುತ್ತದೆ. ಆದರೆ ದಪ್ಪ ಕಲ್ಲು ಹೆಚ್ಚು ಹೊತ್ತು ತಣ್ಣಗಿರುವುದರಿಂದ ಬೆವರುವುದೂ ಹೆಚ್ಚು ಹೊತ್ತು. ನೆಲಮಹಡಿಯ ಮನೆಗಳಲ್ಲಿ ಎ.ಸಿ. ಇಲ್ಲದೆಯೂ ಇದು ಆಗುತ್ತದೆ. ಪರಿಹಾರ ಸರಳ: ಎ.ಸಿ. ಆರಿಸಿ ಫ್ಯಾನ್ ಹಾಕಿ, ನೆಲ ಹದಕ್ಕೆ ಬಂದ ಮೇಲೆ ಕಿಟಕಿ ತೆರೆಯಬೇಕು. ಮಲಗುವ ಕೋಣೆ ‘ಒಣ ಜಾಗ’, ಅಲ್ಲಿ ಪಾಲಿಶ್ ಇದ್ದರೂ ನಡೆಯುತ್ತದೆ ಎಂಬ ಮಾತು ಮುಂಬೈಯ ಮಟ್ಟಿಗೆ ನಿಜವಲ್ಲ ಎನ್ನುವುದಕ್ಕೆ ಇದೇ ಕಾರಣ.

‘ಆ್ಯಂಟಿ-ಸ್ಕಿಡ್’ ಎಂದರೆ ಎಷ್ಟು

ಅಂಗಡಿಯವರು ಮತ್ತು ಬಿಲ್ಡರುಗಳು ಬಳಸುವ ‘ಆ್ಯಂಟಿ-ಸ್ಕಿಡ್’ ಎಂಬ ಪದಕ್ಕೆ ತನ್ನಷ್ಟಕ್ಕೆ ಯಾವ ಅಳತೆಯೂ ಇಲ್ಲ. ಅಳತೆ ಬೇಕಾದರೆ ಟೈಲಿನ ತಾಂತ್ರಿಕ ಹಾಳೆಯನ್ನು ಕೇಳಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವುದು ಜರ್ಮನಿಯ ‘ಆರ್’ ದರ್ಜೆ, ಆರ್-9ರಿಂದ ಆರ್-13ರವರೆಗೆ. ಎಣ್ಣೆ ಸವರಿದ ಇಳಿಜಾರು ಹಲಗೆಯ ಮೇಲೆ ಬೂಟು ಹಾಕಿದ ಮನುಷ್ಯನನ್ನು ನಡೆಸಿ, ಎಷ್ಟು ಡಿಗ್ರಿ ಓರೆಯಲ್ಲಿ ಅವನ ಕಾಲು ತಪ್ಪುತ್ತದೆ ಎಂದು ನೋಡಿ ಈ ದರ್ಜೆ ಕೊಡುತ್ತಾರೆ. ಆರ್-9 ಎಂದರೆ 6ರಿಂದ 10 ಡಿಗ್ರಿ, ಅಂದರೆ ದರ್ಜೆಗಳಲ್ಲೇ ಕೊನೆಯದು. ಅಂಕಿ ಇರುವುದನ್ನು ಕಂಡು ಅದನ್ನೇ ಸುರಕ್ಷಿತ ಎಂದು ಕೊಳ್ಳುವವರು ಬಹಳ. ಆರ್-10 ಎಂದರೆ 10ರಿಂದ 19 ಡಿಗ್ರಿ, ಆರ್-11 ಎಂದರೆ 19ರಿಂದ 27.

ಕಾರ್ಖಾನೆ, ಹೋಟೆಲಿನ ಅಡುಗೆಮನೆಗಳಿಗೆ ಈ ಪರೀಕ್ಷೆ ಹೊಂದುತ್ತದೆ. ನಮ್ಮ ಮನೆಗಳಲ್ಲಿ ಬರಿಗಾಲಲ್ಲಿ ನಡೆಯುತ್ತೇವೆ. ಅದಕ್ಕೆ ಹತ್ತಿರವಾದದ್ದು ಇನ್ನೊಂದು ಜರ್ಮನ್ ಪರೀಕ್ಷೆ. ಅದರಲ್ಲಿ ಸೋಪಿನ ನೀರು ಹರಿಯುವ ಇಳಿಜಾರಿನ ಮೇಲೆ ಬರಿಗಾಲಲ್ಲಿ ನಡೆಸುತ್ತಾರೆ. 12 ಡಿಗ್ರಿ ತಾಳಿದರೆ ‘ಎ’, 18 ತಾಳಿದರೆ ‘ಬಿ’, 24 ತಾಳಿದರೆ ‘ಸಿ’. ಹಿರಿಯರ ಬಚ್ಚಲಿಗೆ ‘ಬಿ’ ದರ್ಜೆಗಿಂತ ಕಡಿಮೆಯದನ್ನು ಒಪ್ಪಬಾರದು. ಹಾಳೆಯಲ್ಲಿ ಲೋಲಕ ಬೀಸಿ ನೆಲದ ಹಿಡಿತ ಅಳೆಯುವ ಪರೀಕ್ಷೆಯ ಅಂಕಿ ಕೊಟ್ಟಿದ್ದರೆ ಒದ್ದೆಯಲ್ಲಿ 36 ಅಥವಾ ಹೆಚ್ಚು ಇರಬೇಕು. 25ಕ್ಕಿಂತ ಕಡಿಮೆ ಎಂದರೆ ಜಾರುವುದು ಖಚಿತವೆಂದೇ ಎಣಿಸಬೇಕು.

ಕಲ್ಲಿಗೆ ಇಂತಹ ಹಾಳೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೋಟಾದಂತಹ ಕಲ್ಲಿನ ಮೇಲ್ಮೈ ತಯಾರಾಗುವುದಂತೂ ಕಾರ್ಖಾನೆಯಲ್ಲಲ್ಲ, ಮನೆಯಲ್ಲಿ. ಎರಡು-ಮೂರು ಮಾದರಿಗಳನ್ನು ಹೋಲಿಸಲು ಮನೆಯಲ್ಲೇ ಒಂದು ಉಪಾಯ ಮಾಡಬಹುದು. ಮಾದರಿ ತುಂಡುಗಳನ್ನು ಸೋಪಿನ ನೀರಿನಿಂದ ನೆನೆಸಿ, ಒಂದು ಹಳೆಯ ಹವಾಯಿ ಚಪ್ಪಲಿಯ ಮೇಲೆ ಒಂದು ಕಿಲೋ ಅಕ್ಕಿಯ ಚೀಲ ಕಟ್ಟಿ ಅವುಗಳ ಮೇಲಿಡಿ. ತುಂಡಿನ ಒಂದು ಅಂಚನ್ನು ನಿಧಾನವಾಗಿ ಎತ್ತುತ್ತಾ ಹೋಗಿ ಚಪ್ಪಲಿ ಜಾರಿದ ಎತ್ತರವನ್ನು ಗುರುತು ಮಾಡಿ. ಎಲ್ಲ ತುಂಡುಗಳೂ ಒಂದೇ ಉದ್ದದವಾಗಿರಬೇಕು. ಇದು ಪ್ರಯೋಗಾಲಯದ ದರ್ಜೆಗೆ ಸಮವಲ್ಲ, ಆದರೆ ಪಾಲಿಶ್ ಟೈಲ್ ಎಷ್ಟು ಬೇಗ ಕೈಬಿಡುತ್ತದೆ, ಮ್ಯಾಟ್ ಟೈಲ್ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಕಣ್ಣೆದುರೇ ಕಾಣುತ್ತದೆ.

ಕಲ್ಲು: ಪಾಲಿಶ್ ಎಲ್ಲಿ ನಿಲ್ಲಿಸಬೇಕು

ಕೋಟಾ ಕಲ್ಲನ್ನು ಮೊದಲು ಗಾರೆಯ ಮೇಲೆ ಹಾಸಿ, ಗಾರೆ ಬಿಗಿಯಾದ ಮೇಲೆ ಮಷಿನ್ನಿನಿಂದ ಉಜ್ಜುತ್ತಾರೆ. ಮೊದಲ ಕಟ್ಟಿಗೆ 60ರ ಒರಟು ಕಲ್ಲು. ಹಲಗೆಗಳ ನಡುವಿನ ಏರುತಗ್ಗು ಸಮವಾಗುವುದು ಇದರಿಂದ. ಆಮೇಲೆ 120, 220, 320 ಹೀಗೆ ನಯವಾಗುತ್ತಾ ಹೋಗಿ, ಕೊನೆಗೆ ಆಕ್ಸಾಲಿಕ್ ಆಮ್ಲ ಹಾಕಿ ಉಜ್ಜಿದರೆ ‘ಮಿರರ್ ಪಾಲಿಶ್’. ಈ ಹೊಳಪನ್ನು ಕೊಡುವುದೇ ಕೆಲಸದ ಪೂರ್ಣತೆ ಎಂದು ಕಾರಿಗಾರರು ತಿಳಿಯುತ್ತಾರೆ. ಗಿರಾಕಿಯೂ ಅದನ್ನೇ ಕೇಳುತ್ತಾನೆ. ಹಿರಿಯರಿರುವ ಮನೆಯಲ್ಲಿ ಕೆಲಸವನ್ನು 120ರ ಕಟ್ಟಿಗೆ ನಿಲ್ಲಿಸಬೇಕು. ಹೆಚ್ಚೆಂದರೆ ಹಾಲಿನಲ್ಲಿ 220. ನೆಲ ಆಗ ಮಂದವಾಗಿ, ಒಣಗಿದ ಸ್ಲೇಟಿನ ಹಾಗೆ ಕಾಣುತ್ತದೆ. ಅದರ ಮೇಲೆ ಒಳಗಿಳಿಯುವ ಬಗೆಯ ಸೀಲರ್ ಹಚ್ಚಬೇಕೇ ಹೊರತು ಮೇಣವನ್ನಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಂತ್ರಾಟಿನಲ್ಲಿ ಅಂಕಿಯೊಂದಿಗೆ ಬರೆಸಿಕೊಳ್ಳಬೇಕು. ಮಾತಿನಲ್ಲಿ ಹೇಳಿದರೆ ಮನೆಯವರು ಇಲ್ಲದ ದಿನ ಕನ್ನಡಿ ತಯಾರಾಗಿರುತ್ತದೆ.

ಈ ಒರಟು ಶಾಶ್ವತವಲ್ಲ. ಸುಣ್ಣಕಲ್ಲು ಮೆದು. ಹೆಚ್ಚು ಓಡಾಡುವ ದಾರಿಯಲ್ಲಿ, ಅಡುಗೆಮನೆಯ ಸಿಂಕಿನ ಮುಂದೆ, ಬಾಗಿಲ ಬಳಿ ಕಾಲೇ ಅದನ್ನು ಪಾಲಿಶ್ ಮಾಡುತ್ತದೆ. ಹಳೆಯ ದೇವಸ್ಥಾನಗಳ ಮೆಟ್ಟಿಲಿನ ನಡುಭಾಗ ನುಣ್ಣಗಾಗಿರುವುದು ಇದೇ ರೀತಿ. ಹಾಗಾದಾಗ ಅಷ್ಟು ಜಾಗವನ್ನು ಮತ್ತೆ ಒರಟು ಕಲ್ಲಿನಿಂದ ಉಜ್ಜಿಸಬೇಕು. ಕಲ್ಲಿನ ದೊಡ್ಡ ಅನುಕೂಲವೂ ಇದೇ: ಮೇಲ್ಮೈ ಕೆಟ್ಟರೆ ಮತ್ತೆ ಹೊಸದಾಗಿ ಮಾಡಬಹುದು. ಆದರೆ ಆ ದಿನಗಳಲ್ಲಿ ಮನೆಯೆಲ್ಲ ಸುಣ್ಣದ ಕೆಸರು, ಮಷಿನ್ನಿನ ಸದ್ದು, ಸಾಮಾನು ಹೊರಗೆ. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಕೋಟಾ, ಶಹಾಬಾದ್ ಹಲಗೆ ಕೊಳ್ಳುವಾಗ ಅಂಚನ್ನು ನೋಡಬೇಕು. ಅಂಚಿನಲ್ಲಿ ಪದರಗಳ ಗೆರೆ ಬಿಚ್ಚಿದಂತೆ ಕಂಡರೆ, ತಟ್ಟಿದಾಗ ಟಣ್ ಎನ್ನದೆ ಮಂದ ಸದ್ದು ಬಂದರೆ ಆ ಹಲಗೆ ಬಚ್ಚಲಿಗೆ ಬೇಡ. ತೇವ ಒಳಗೆ ಸೇರಿ ವರ್ಷ ಕಳೆಯುವುದರಲ್ಲಿ ಹಪ್ಪಳದಂತೆ ಪದರು ಏಳುತ್ತದೆ, ಎದ್ದ ಚೂರು ಕಾಲಿಗೆ ತಾಗಿ ಎಡವಿಸುತ್ತದೆ.

ಗ್ರಾನೈಟ್ ಇವೆಲ್ಲಕ್ಕಿಂತ ಗಟ್ಟಿ, ಆಮ್ಲಕ್ಕೆ ಜಗ್ಗುವುದಿಲ್ಲ. ಬೆಂಕಿಯ ಜ್ವಾಲೆಯಿಂದ ಮೇಲ್ಮೈ ಸಿಡಿಸಿದ ‘ಫ್ಲೇಮ್ಡ್’ ಗ್ರಾನೈಟ್ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಬಚ್ಚಲು, ಬಾಲ್ಕನಿಗಳಿಗೆ ಕಲ್ಲೇ ಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆ. ಪಾಲಿಶ್ ಗ್ರಾನೈಟ್, ಪಾಲಿಶ್ ಅಮೃತಶಿಲೆಗಳನ್ನು ಹಿರಿಯರ ಮನೆಗೆ ತರಲೇಬಾರದು. ನೆಲಮಹಡಿಯಲ್ಲಿ ಬಿಳಿ ಅಮೃತಶಿಲೆಗೆ ಇನ್ನೊಂದು ಕಷ್ಟವಿದೆ. ಕೆಳಗಿನ ತೇವ ಮೇಲೇರಿ ಕಲ್ಲಿನೊಳಗಿನ ಕಬ್ಬಿಣದ ಅಂಶ ತುಕ್ಕಾಗಿ ಹಳದಿ ಮಚ್ಚೆ ಮೂಡುತ್ತದೆ, ಅದು ಯಾವ ಪಾಲಿಶ್‌ಗೂ ಹೋಗುವುದಿಲ್ಲ.

ಟೈಲ್: ಯಾವ ಬಗೆ, ಹೇಗೆ ಹಾಕಬೇಕು

ವಿಟ್ರಿಫೈಡ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಮೇಲ್ಮೈಗಳಿವೆ. ಡಬಲ್ ಚಾರ್ಜ್ ಟೈಲಿನಲ್ಲಿ ಮೂರು-ನಾಲ್ಕು ಮಿಲಿಮೀಟರ್ ಬಣ್ಣದ ಪದರ ಇರುತ್ತದೆ, ಅದನ್ನು ಉಜ್ಜಿ ಹೊಳಪು ಕೊಡುತ್ತಾರೆ. ಪಿ.ಜಿ.ವಿ.ಟಿ. ಎಂದರೆ ಗ್ಲೇಜ್ ಮಾಡಿ ಮತ್ತೆ ಪಾಲಿಶ್ ಮಾಡಿದ್ದು. ಬಿಲ್ಡರಿನ ಸ್ಯಾಂಪಲ್ ಫ್ಲ್ಯಾಟಿನಲ್ಲಿ ಅಮೃತಶಿಲೆಯಂತೆ ಕಂಗೊಳಿಸುವುದು ಬಹುಪಾಲು ಇದೇ. ಜಿ.ವಿ.ಟಿ. ಮ್ಯಾಟ್ ಎಂದರೆ ಗ್ಲೇಜ್ ಇದ್ದರೂ ಹೊಳಪಿಲ್ಲದ್ದು. ಹಿರಿಯರ ಮನೆಗೆ ಬೇಕಾದದ್ದು ಈ ಕೊನೆಯದು, ಅದರಲ್ಲೂ ಹಾಲು-ಕೋಣೆಗಳಿಗೆ ಆರ್-10, ಬಚ್ಚಲಿಗೆ ಆರ್-11 ಮತ್ತು ಬರಿಗಾಲಿನ ‘ಬಿ’.

ಐಎಸ್ 15622 ಮಾನದಂಡದಂತೆ ಸರ್ಕಾರಿ ಕಾಮಗಾರಿಗಳಲ್ಲಿ ವಿಟ್ರಿಫೈಡ್ ಟೈಲಿನ ನೀರು ಹೀರಿಕೆ ಶೇಕಡಾ 0.08ಕ್ಕಿಂತ ಕಡಿಮೆ ಇರಬೇಕೆಂದು ಕೇಳುತ್ತಾರೆ. ಕಲೆ ಹಿಡಿಯದಿರುವುದು ಈ ಗುಣದಿಂದ. ಟೈಲ್ ಕಿತ್ತು ಬರುವುದೂ ಇದೇ ಗುಣದಿಂದ. ಹೀರದ ಬೆನ್ನಿಗೆ ಬರೀ ಸಿಮೆಂಟ್ ಹಾಲು ಹಿಡಿಯುವುದಿಲ್ಲ. ಪಾಲಿಮರ್ ಬೆರೆಸಿದ, ಐಎಸ್ 15477ರ ಟೈಲ್ ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಎಳೆದು ಕೂರಿಸಬೇಕು. ನಾಲ್ಕು ಮೂಲೆಗೂ ನಡುವಿಗೂ ಗುಡ್ಡೆ ಇಟ್ಟು ಒತ್ತಿದರೆ ಕೆಳಗೆ ಪೊಳ್ಳು ಉಳಿಯುತ್ತದೆ. ನಾಣ್ಯದಿಂದ ತಟ್ಟಿದರೆ ಡೊಳ್ಳೆನ್ನುವ ಸದ್ದು ಅದನ್ನು ಹೇಳಿಬಿಡುತ್ತದೆ. ಸಂದಿ ಬಿಡದೆ ಒತ್ತೊತ್ತಾಗಿ ಹಾಕಿದ ನೆಲ ಬಿಸಿಲಿಗೆ ಹಿಗ್ಗಿ ಒಂದು ದಿನ ಟೆಂಟಿನಂತೆ ಎದ್ದು ನಿಲ್ಲುವುದುಂಟು. ಎರಡರಿಂದ ಮೂರು ಮಿಲಿಮೀಟರ್ ಸ್ಪೇಸರ್ ಇಟ್ಟು ಎಪಾಕ್ಸಿ ಗ್ರೌಟ್ ತುಂಬುವುದು ಇದಕ್ಕಾಗಿ. ಪಕ್ಕದ ಟೈಲುಗಳ ನಡುವಿನ ಏರುತಗ್ಗು ಒಂದು ಮಿಲಿಮೀಟರ್ ಮೀರಬಾರದು, ಕಾಲೆಳೆದು ನಡೆಯುವವರಿಗೆ ಅಷ್ಟೇ ಸಾಕು ಎಡವಲು.

ಬಚ್ಚಲಿಗೆ ದೊಡ್ಡ ಟೈಲ್ ಬೇಡ. 300 ಮಿಲಿಮೀಟರ್ ಚೌಕದ ಟೈಲುಗಳನ್ನು ನಹಾನಿ ಟ್ರ್ಯಾಪ್ ಕಡೆಗೆ ಸರಿಯಾಗಿ ಇಳಿಜಾರು ಮಾಡಬಹುದು, ಅವುಗಳ ಸಂದಿಗಳೂ ಕಾಲಿಗೆ ಹಿಡಿತ ಕೊಡುತ್ತವೆ. ದೊಡ್ಡ ಟೈಲಿನಲ್ಲಿ ಇಳಿಜಾರು ಕೂರದೆ ನೀರು ಮೂಲೆಯಲ್ಲಿ ನಿಲ್ಲುತ್ತದೆ.

ಭಾರದ ಲೆಕ್ಕ

ಮುಲುಂಡ್ ಅಥವಾ ಚೆಂಬೂರಿನ ಪುನರಾಭಿವೃದ್ಧಿ ಕಟ್ಟಡವೊಂದರಲ್ಲಿ 650 ಚದರಡಿ ಕಾರ್ಪೆಟ್‌ನ ಎರಡು ಬೆಡ್‌ರೂಮಿನ ಮನೆ ಎಂದಿಟ್ಟುಕೊಳ್ಳೋಣ. ಅದು ಸುಮಾರು 60 ಚದರ ಮೀಟರ್. 25 ಮಿಲಿಮೀಟರ್ ದಪ್ಪದ ಕೋಟಾ ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ. ಅದರಡಿಯ 40 ಮಿಲಿಮೀಟರ್ ಗಾರೆ ಸುಮಾರು 80 ಕಿಲೋ. ಒಟ್ಟು 145 ಕಿಲೋ, ಅಂದರೆ ಇಡೀ ಮನೆಗೆ 8.7 ಟನ್. ಸಮ ಮಾಡಿದ ನೆಲದ ಮೇಲೆ ಅಂಟಿನಿಂದ ಹಾಕುವ 9 ಮಿಲಿಮೀಟರ್ ಟೈಲ್ ಅಂಟೂ ಸೇರಿ ಚದರ ಮೀಟರಿಗೆ 26 ಕಿಲೋ ಸುತ್ತ, ಇಡೀ ಮನೆಗೆ ಒಂದೂವರೆ ಟನ್ ಚಿಲ್ಲರೆ.

ವಸತಿ ಕೋಣೆಗಳ ಚಲಭಾರವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಎಂದು ಹಿಡಿದು ಕಟ್ಟಡ ವಿನ್ಯಾಸ ಮಾಡುತ್ತಾರೆ. ನೆಲಹಾಸಿಗೆ ಬೇರೆಯಾಗಿ 100ರಿಂದ 150 ಕಿಲೋ ಹಿಡಿಯುವುದು ರೂಢಿ. ಕೋಟಾ-ಗಾರೆ ಆ ಪಾಲನ್ನು ಪೂರ್ತಿ ನುಂಗಿಬಿಡುತ್ತದೆ. ಬಿಲ್ಡರ್ ಹಾಕಿಕೊಟ್ಟ ಟೈಲನ್ನು ಕೀಳದೆ ಅದರ ಮೇಲೆ ಕಲ್ಲು ಹಾಸುವುದಂತೂ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಮಾಡುವ ಕೆಲಸವೇ ಅಲ್ಲ. ಹಾಗೆ ಹಾಸಿದರೆ ಬಾಗಿಲು, ಬಚ್ಚಲು, ಬಾಲ್ಕನಿಗಳ ಬಳಿ ಆರೇಳು ಸೆಂಟಿಮೀಟರಿನ ಹೊಸ ಮೆಟ್ಟಿಲು ಹುಟ್ಟುತ್ತದೆ. ವಾಕರ್ ಹಿಡಿದವರಿಗೆ ಒಂದು ಸೆಂಟಿಮೀಟರ್ ದಾಟುವುದೇ ಕಷ್ಟ. ಸ್ವಂತ ಬಂಗಲೆ ಅಥವಾ ನೆಲಮಹಡಿಯ ಮನೆ ಕಟ್ಟುತ್ತಿರುವವರಿಗೆ ಈ ತೊಂದರೆ ಇಲ್ಲ. ಅಂಥವರು ಮೊದಲೇ ಎತ್ತರ ಲೆಕ್ಕ ಹಾಕಿ ಕೋಟಾ ಇಡಬಹುದು.

ಒರೆಸುವುದು, ತೊಳೆಯುವುದು

ಮುಂಬೈಯ ಬಹುಪಾಲು ಮನೆಗಳಲ್ಲಿ ನೆಲದ ನಿರ್ವಹಣೆ ಕೆಲಸದ ಬಾಯಿಯ ಝಾಡೂ-ಪೋಛಾದಲ್ಲಿ ಮುಗಿಯುತ್ತದೆ. ಬಕೆಟ್ಟಿಗೆ ಒಂದು ಮುಚ್ಚಳ ಹಾಕಬೇಕಾದ ಫಿನೈಲನ್ನು ಧಾರಾಳವಾಗಿ ಸುರಿದರೆ ಸೋಪಿನಂತಹ ಪದರ ಉಳಿಯುತ್ತದೆ. ದಿನ ಕಳೆದಂತೆ ಅದು ಕೂಡುತ್ತಾ ಹೋಗಿ ಮ್ಯಾಟ್ ಟೈಲನ್ನೂ ಜಾರುವಂತೆ ಮಾಡುತ್ತದೆ. ಮ್ಯಾಟ್ ಟೈಲ್ ಬೇಗ ಕೊಳೆಯಾಗುತ್ತದೆ ಎಂಬ ದೂರಿಗೂ ಹೆಚ್ಚಾಗಿ ಈ ಪದರವೇ ಕಾರಣ. ವಾರಕ್ಕೊಮ್ಮೆ ಬಿಸಿನೀರಿನಿಂದ ಮೆದು ಬ್ರಷ್ ಹಾಕಿ ಉಜ್ಜಿ, ಬರೀ ನೀರಿನಿಂದ ಒರೆಸಿದರೆ ಹೋಗುತ್ತದೆ. ಒರೆಸುವ ಹೊತ್ತನ್ನೂ ಗಮನಿಸಬೇಕು. ಹಿರಿಯರು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಇದ್ದಾಗ ಒಂದೊಂದೇ ಕೋಣೆ ಒರೆಸಿ, ಫ್ಯಾನ್ ಹಾಕಿ ಒಣಗಿಸುವುದು ಯಾವ ದುಬಾರಿ ಟೈಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆಮ್ಲದ ವಿಷಯದಲ್ಲಿ ಎರಡು ವಸ್ತುಗಳಿಗೂ ಅಜಗಜಾಂತರ. ಕೋಟಾ, ಶಹಾಬಾದ್, ಕಡಪ್ಪಾ, ಅಮೃತಶಿಲೆ ಎಲ್ಲದರಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ನಿಂಬೆಹಣ್ಣು, ಹುಣಸೆ, ವಿನೆಗರ್ ಬಿದ್ದರೆ ಅಲ್ಲಿ ಬಿಳಿ ಕಲೆ ಕೊರೆಯುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಿದ್ದರೆ ಬುರುಗೇಳುತ್ತದೆ. ಸಾರು ಚೆಲ್ಲುವ ಅಡುಗೆಮನೆಯಲ್ಲಿ ಸುಣ್ಣಕಲ್ಲನ್ನು ಹಾಕಿದವರು ಕಲೆಯನ್ನು ಒಪ್ಪಿಕೊಳ್ಳಬೇಕು, ಇಲ್ಲವೇ ಬಿದ್ದ ಕ್ಷಣ ಒರೆಸುವ ಕೈ ಇರಬೇಕು. ವಿಟ್ರಿಫೈಡ್ ಟೈಲಿಗೆ ಇದರ ಭಯವಿಲ್ಲ, ಆದರೆ ಆ್ಯಸಿಡ್ ಅದರ ಸಂದಿಯ ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ. ಪಾಲಿಶ್ ಟೈಲಿನಲ್ಲಿ ಉಜ್ಜುವಾಗ ಬಾಯ್ತೆರೆದ ಸಣ್ಣ ರಂಧ್ರಗಳಿಗೆ ಅರಿಸಿನ ಸೇರಿದರೆ ಕೀಳುವುದು ಕಷ್ಟ.

ನೀರಿನ ಮೂಲವೂ ವ್ಯತ್ಯಾಸ ಮಾಡುತ್ತದೆ. ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳಿಂದ ಬರುವ ಮಹಾನಗರ ಪಾಲಿಕೆಯ ನೀರು ಮಳೆಯ ಮೆದು ನೀರು. ಉಪನಗರಗಳಾಚೆ ಬೋರ್‌ವೆಲ್, ಟ್ಯಾಂಕರ್ ನೀರನ್ನು ನೆಚ್ಚಿದ ಸೊಸೈಟಿಗಳಲ್ಲಿ ಒರಟು ಟೈಲಿನ ಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಸೋಪಿನೊಂದಿಗೆ ಸೇರಿ ಅದು ಉಬ್ಬುಗಳ ನಡುವಿನ ತಗ್ಗನ್ನು ತುಂಬಿದರೆ ಆರ್-11 ಟೈಲೂ ನುಣ್ಣಗಾಗುತ್ತದೆ. ಅಂತಹ ಮನೆಯಲ್ಲಿ ಬಚ್ಚಲಿಗೆ ಕಲ್ಲಿಗಿಂತ ಟೈಲೇ ಮೇಲು. ಟೈಲಿನ ಮೇಲಿನ ಸುಣ್ಣವನ್ನು ಸೌಮ್ಯ ಆಮ್ಲದಿಂದ ತೆಗೆಯಬಹುದು, ಸುಣ್ಣಕಲ್ಲಿನ ಮೇಲೆ ಅದನ್ನು ಬಳಸುವಂತಿಲ್ಲ.

ಈಗಾಗಲೇ ಪಾಲಿಶ್ ಟೈಲ್ ಹಾಕಿರುವ ಮನೆಗೆ ರಾಸಾಯನಿಕದಿಂದ ಮೇಲ್ಮೈ ಕೊರೆಯುವ ಚಿಕಿತ್ಸೆ, ಅಂಟುಪಟ್ಟಿ, ಲೇಪನಗಳು ಸಿಗುತ್ತವೆ. ಲೇಪನ ಮತ್ತು ಪಟ್ಟಿಗಳು ಸವೆಯುತ್ತವೆ, ಆಗಾಗ ಹೊಸದಾಗಿ ಹಾಕಬೇಕು. ಅಂಚು ಮಡಚಿದ ಕಾಲೊರಸು ಚಾಪೆ ಮಾತ್ರ ಯಾವ ನೆಲದ ಮೇಲೂ ಬೇಡ.

ಆಯ್ಕೆ ಮತ್ತು ಕರಾರು

ಮುಂಬೈಯ ಬಹುಮಹಡಿ ಫ್ಲ್ಯಾಟಿನ ಮಟ್ಟಿಗೆ ಮನೆಯುದ್ದಕ್ಕೂ ಒಂದೇ ಮಟ್ಟದಲ್ಲಿ ಆರ್-10 ಮ್ಯಾಟ್ ಜಿ.ವಿ.ಟಿ., ಬಚ್ಚಲು ಮತ್ತು ಬಾಲ್ಕನಿಗೆ ‘ಬಿ’ ದರ್ಜೆಯ ಸಣ್ಣ ಟೈಲ್ ಅಥವಾ ಫ್ಲೇಮ್ಡ್ ಗ್ರಾನೈಟ್ ಹಾಕುವುದು ಹೆಚ್ಚು ಸೂಕ್ತ. ಕೋಟಾ ನೆಲಮಹಡಿಗೂ ಸ್ವಂತ ಕಟ್ಟಡಕ್ಕೂ ಹೊಂದುತ್ತದೆ. ಅಲ್ಲಿಯೂ 120ರ ಕಟ್ಟಿಗೆ ನಿಲ್ಲಿಸಿ, ಕೆಲವು ವರ್ಷಕ್ಕೊಮ್ಮೆ ಮತ್ತೆ ಒರಟು ಮಾಡಿಸುವ ತಯಾರಿ ಇದ್ದರೆ ಮಾತ್ರ.

ಪುನರಾಭಿವೃದ್ಧಿಯ ಮನೆಯಲ್ಲಿ ಈ ಆಯ್ಕೆಯ ಕಾಲ ಕೀಲಿ ಸಿಗುವ ದಿನಕ್ಕಿಂತ ಬಹಳ ಮೊದಲೇ ಬಂದುಹೋಗಿರುತ್ತದೆ. ಸೊಸೈಟಿ ಮತ್ತು ಬಿಲ್ಡರ್ ನಡುವಿನ ಕರಾರಿನ ಸೌಲಭ್ಯಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ‘ವಿಟ್ರಿಫೈಡ್ ಟೈಲ್’, ‘ಬಚ್ಚಲಿಗೆ ಆ್ಯಂಟಿ-ಸ್ಕಿಡ್ ಟೈಲ್’ ಎಂದಷ್ಟೇ ಇರುತ್ತದೆ. ಹಿರಿಯರ ವಸತಿ ಯೋಜನೆಗಳಿಗಾಗಿ ಮಹಾರೇರಾ 2024ರಲ್ಲಿ ತಂದ ಮಾರ್ಗಸೂಚಿಗಳಲ್ಲಿ ಜಾರದ ಟೈಲಿನ ಮಾತಿದೆ, ಆದರೆ ಅದು ಹಿರಿಯರಿಗೆಂದೇ ಮಾರುವ ಯೋಜನೆಗಳಿಗೆ. ಸಾಮಾನ್ಯ ಸೊಸೈಟಿಯ ಹಿರಿಯರಿಗೆ ಇರುವ ಆಸರೆ ಕರಾರಿನ ಒಕ್ಕಣೆಯೊಂದೇ. ಹೊಸದಾಗಿ ಕೊಂಡ ಮನೆಯಲ್ಲಿ ನೆಲ ಪೊಳ್ಳಾದರೆ, ಟೈಲ್ ಎದ್ದರೆ ರೇರಾ ಕಾಯಿದೆಯಂತೆ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಮಗಾರಿಯ ದೋಷವನ್ನು ಬಿಲ್ಡರ್ ಸರಿಪಡಿಸಿಕೊಡಬೇಕು. ಜಾರುವ ಪಾಲಿಶ್ ಟೈಲನ್ನು ದೋಷವೆಂದು ತೋರಿಸಲು ಮಾತ್ರ ಕರಾರಿನಲ್ಲಿ ದರ್ಜೆ ಬರೆದಿರಬೇಕು. ಆದ್ದರಿಂದ ಸೊಸೈಟಿಯ ಸಭೆಯಲ್ಲಿ ಕರಾರಿನ ಕರಡು ಓದುವ ದಿನವೇ ಎದ್ದು ನಿಂತು, ನೆಲದ ಟೈಲಿನ ಮುಂದೆ ‘ಮ್ಯಾಟ್, ಆರ್-10’ ಎಂದೂ ಬಚ್ಚಲಿನ ಟೈಲಿನ ಮುಂದೆ ‘ಆರ್-11, ಬರಿಗಾಲು ದರ್ಜೆ ಬಿ’ ಎಂದೂ ಬರೆಸಿ, ಆಮೇಲೆ ಸಹಿ ಹಾಕಿ.